ಮೂವತ್ತು ದಿನ, ಆದರೆ ಯಾವ ದಿನದಿಂದ? ಕೆಲಸಕ್ಕೆ ಮುಂಚೆ ಬರೆದ ಒಂದು ಇಮೇಲ್‌ನ ಪ್ರಕರಣ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದನ್ನೇ ವೃತ್ತಿಯಾಗಿಸಿಕೊಂಡ ಒಬ್ಬ ಮಹಿಳೆ 2024ರ ಮೇ 31ರ ಸಂಜೆ ನನಗೆ ಎರಡು ಇಮೇಲ್‌ಗಳನ್ನು ಕಳಿಸಿದರು. ಒಂದು, ಹೊಸ ಗ್ರಾಹಕ ಕಂಪನಿಗೆ ಅವರು ಹಿಂದಿನ ದಿನ ಬರೆದ ಷರತ್ತುಗಳ ಪತ್ರ. ಇನ್ನೊಂದು, ಅದಕ್ಕೆ ಕಂಪನಿಯಿಂದ ಬಂದ ಉತ್ತರ. ‘ಕೆಲಸ ಒಳ್ಳೆಯದಿದೆ, ಬಿಡಲು ಮನಸ್ಸಿಲ್ಲ, ಆದರೆ ಈ ಉತ್ತರ ಓದಿದರೆ ಹೆದರಿಕೆಯಾಗುತ್ತದೆ’ ಎಂದು ಮೇಲೆ ಒಂದು ಸಾಲು ಬರೆದಿದ್ದರು. ನಾನೂ ಇದೇ ಕೆಲಸದಲ್ಲಿರುವವನಾದ್ದರಿಂದ ಆ ಹೆದರಿಕೆ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಒಪ್ಪಿಗೆ ಪಡೆದು, ಊರನ್ನೂ ಪುಸ್ತಕದ ವಿಷಯವನ್ನೂ ಬದಲಿಸಿ, ಮೊತ್ತ ಮತ್ತು ದಿನಾಂಕಗಳನ್ನು ಇದ್ದಂತೆಯೇ ಉಳಿಸಿಕೊಂಡು ಈ ಪ್ರಕರಣವನ್ನು ಬರೆದಿದ್ದೇನೆ.

ಹಿನ್ನೆಲೆ

ಅನುವಾದಕಿ ಮಲೆನಾಡಿನ ಒಂದು ಪಟ್ಟಣದಲ್ಲಿ ಇರುವವರು, ಆಗ ಒಂಬತ್ತು ವರ್ಷಗಳ ಅನುಭವವಿತ್ತು. ಕಂಪನಿ ಬೆಂಗಳೂರಿನದು. ತರಬೇತಿ ಪುಸ್ತಕ ಮತ್ತು ವಿಡಿಯೊಗಳನ್ನು ಬೇರೆಯವರಿಗೆ ಸಿದ್ಧಪಡಿಸಿ ಕೊಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್. ಅದಕ್ಕೆ ಒಂದು ಸೇವಾ ಸಂಸ್ಥೆಯಿಂದ, ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಿಗಾಗಿ ತಾಯಂದಿರ ಆಹಾರದ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ತರುವ ಗುತ್ತಿಗೆ ಸಿಕ್ಕಿತ್ತು. ಅಂದರೆ ಅನುವಾದಕಿಯ ಗ್ರಾಹಕ ಕಂಪನಿ, ಕಂಪನಿಯ ಗ್ರಾಹಕ ಸೇವಾ ಸಂಸ್ಥೆ. ಈ ಎರಡು ಮೆಟ್ಟಿಲುಗಳ ವ್ಯವಸ್ಥೆಯೇ ಮುಂದಿನ ಎಲ್ಲ ತೊಡಕಿಗೂ ಮೂಲವಾದುದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಇಂಗ್ಲಿಷ್ ಕೈಪಿಡಿಯಲ್ಲಿ ಹನ್ನೆರಡು ಅಧ್ಯಾಯ, ಸುಮಾರು 40,000 ಪದಗಳಿದ್ದವು. ಕಂಪನಿಯ ಸಂಯೋಜಕರು ಫೋನ್ ಮಾಡಿ, ‘ಮೇಡಂ, ಪದಕ್ಕೆ ಎಷ್ಟು ತಗೊಳ್ತೀರಿ?’ ಎಂದು ಕೇಳಿದರು. ಇವರು ಎರಡು ರೂಪಾಯಿ ಎಂದರು, ಅವರು ಆಯಿತು ಎಂದರು. ಎಂಟು ವಾರಗಳಲ್ಲಿ ಮುಗಿಸುವುದೆಂದೂ ಮಾತಾಯಿತು. ಫೋನಿನಲ್ಲಿ ಮುಗಿದದ್ದು ಅಷ್ಟೇ. ಇದಕ್ಕೆ ಒಂದು ವರ್ಷ ಮುಂಚೆ ಇನ್ನೊಂದು ಕಡೆಯ ಕೆಲಸದಲ್ಲಿ ಹೀಗೆಯೇ ಫೋನಿನ ಮಾತಿನ ಮೇಲೆ ನಂಬಿಕೆಯಿಟ್ಟು, ಅನುವಾದ ಒಪ್ಪಿಸಿದ ಏಳು ತಿಂಗಳ ನಂತರ ಹಣ ಪಡೆದ ನೆನಪು ಹಸಿಯಾಗಿದ್ದ ಕಾರಣ, ಈ ಸಲ ಕೆಲಸ ಹಿಡಿಯುವ ಮೊದಲೇ ಷರತ್ತುಗಳನ್ನು ಬರೆದು ಕಳಿಸುವ ತೀರ್ಮಾನವನ್ನು ಅವರೇ ಮಾಡಿದ್ದರು. ತೀರ್ಮಾನ ಸರಿಯಾಗಿತ್ತು. ಪತ್ರ ಸರಿಯಾಗಿರಲಿಲ್ಲ.

ಮೊದಲ ಪತ್ರ ಮತ್ತು ಅದಕ್ಕೆ ಬಂದ ಉತ್ತರ

ಮೇ 30ರ ಪತ್ರದಲ್ಲಿ ವಿಷಯಕ್ಕೆ ಸಂಬಂಧಿಸಿದ ವಾಕ್ಯಗಳು ನಾಲ್ಕೇ ನಾಲ್ಕು: ‘ಪ್ರತಿ ಪದಕ್ಕೆ ಎರಡು ರೂಪಾಯಿ. ಶೇಕಡ 25ರಷ್ಟು ಮುಂಗಡ. ಉಳಿದ ಹಣವನ್ನು ಕೆಲಸ ಮುಗಿದ 30 ದಿನಗಳೊಳಗೆ ಕೊಡಬೇಕು. ತಡವಾದರೆ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ವಯಿಸುತ್ತದೆ.’ ಕೊನೆಯ ವಾಕ್ಯವನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ್ದರು.

ಕಂಪನಿಯ ಉತ್ತರ ವಿನಯದಿಂದಲೇ ಇತ್ತು, ಆದರೆ ನಾಲ್ಕರಲ್ಲಿ ಒಂದು ವಾಕ್ಯವೂ ಹಾಗೆಯೇ ಉಳಿದಿರಲಿಲ್ಲ. ಪದಗಳನ್ನು ಕನ್ನಡದ ಅಂತಿಮ ಪ್ರತಿಯಲ್ಲಿ ಎಣಿಸಲಾಗುವುದು ಎಂದಿತ್ತು. ಮುಂಗಡ ಕೊಡುವ ಪದ್ಧತಿ ಇಲ್ಲ ಎಂದಿತ್ತು. ಕೆಲಸ ಮುಗಿಯುವುದೆಂದರೆ ಸೇವಾ ಸಂಸ್ಥೆಯು ಮುದ್ರಣದ ಪ್ರತಿಗೆ ಒಪ್ಪಿಗೆ ಕೊಡುವುದು, ಮತ್ತು ಅಲ್ಲಿಂದ ಕಂಪನಿಗೆ ಹಣ ಬಂದ 60 ದಿನಗಳಲ್ಲಿ ಪಾವತಿ ಮಾಡಲಾಗುವುದು ಎಂದಿತ್ತು. ಬಡ್ಡಿಯ ಮಾತು ನಿರ್ದೇಶಕರಿಗೆ ಬೇಸರ ತಂದಿದೆ ಎಂದು ಸಂಯೋಜಕರು ಕೊನೆಯಲ್ಲಿ ಸೇರಿಸಿದ್ದರು.

ಇದನ್ನು ಕಂಪನಿಯ ಕುತಂತ್ರವೆಂದು ನಾನು ಓದಲಿಲ್ಲ. ಮೊದಲ ಪತ್ರದಲ್ಲಿ ಬಿಟ್ಟುಹೋಗಿದ್ದ ಜಾಗಗಳನ್ನು ಅವರು ತಮ್ಮ ಅನುಕೂಲಕ್ಕೆ ತಕ್ಕಂತೆ ತುಂಬಿಕೊಂಡಿದ್ದರು, ಅಷ್ಟೇ. ‘ಕೆಲಸ ಮುಗಿದ’ ಎಂದರೆ ಯಾವಾಗ ಎಂದು ಇವರು ಹೇಳಿರಲಿಲ್ಲ. ಇಂಥ ಕೈಪಿಡಿಯ ಕೆಲಸ ಹಲವು ಸಲ ಮುಗಿಯುತ್ತದೆ: ಅನುವಾದಕಿ ಕಡತ ಕಳಿಸಿದಾಗ ಒಮ್ಮೆ, ವಿಷಯತಜ್ಞರು ಓದಿ ತಿದ್ದಿದಾಗ ಒಮ್ಮೆ, ಎರಡು ಮೂರು ಹಳ್ಳಿಗಳಲ್ಲಿ ಓದಿಸಿ ನೋಡಿದ ಮೇಲೆ ಒಮ್ಮೆ, ಪುಟವಿನ್ಯಾಸವಾದಾಗ, ಮುದ್ರಣಕ್ಕೆ ಹೋದಾಗ. ಈ ಸಾಲಿನಲ್ಲಿ ಮೊದಲನೆಯದು ಮಾತ್ರ ಅನುವಾದಕಿಯ ಕೈಯಲ್ಲಿರುವ ಘಟನೆ. ಉಳಿದ ಯಾವುದು ತಡವಾದರೂ ಅದನ್ನು ಬೇಗ ಮಾಡಿಸುವ ಶಕ್ತಿ ಅವರಿಗಿಲ್ಲ. ಮೂವತ್ತು ದಿನವೋ ಅರವತ್ತು ದಿನವೋ ಎಂದು ನಾವು ಚೌಕಾಸಿ ಮಾಡುತ್ತೇವೆ, ಆದರೆ ಆ ಎಣಿಕೆ ಶುರುವಾಗುವ ದಿನ ಯಾರ ಕೈಯಲ್ಲಿದೆ ಎಂಬುದನ್ನು ಕೇಳುವುದೇ ಇಲ್ಲ. ಹಿಂದಿನ ವರ್ಷದ ಏಳು ತಿಂಗಳ ಕಾಯುವಿಕೆಯಲ್ಲೂ ನಡೆದದ್ದು ಇದೇ. ಅಲ್ಲಿಯೂ ಒಪ್ಪಂದವಾಗಿದ್ದದ್ದು ‘ಅಂತಿಮ ಒಪ್ಪಿಗೆಯ ನಂತರ 30 ದಿನ’ ಎಂದೇ, ಆ ಒಪ್ಪಿಗೆ ಬಂದದ್ದು ಆರು ತಿಂಗಳ ಮೇಲೆ.

ಪದಗಳ ಎಣಿಕೆಯ ವಿಷಯ ನೋಡಲು ಚಿಕ್ಕದು, ಹಣದ ಲೆಕ್ಕದಲ್ಲಿ ಚಿಕ್ಕದಲ್ಲ. ಕನ್ನಡದಲ್ಲಿ ವಿಭಕ್ತಿ, ಕಾಲ, ವಿಧಿ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಬೇರೆ ಪದಗಳು. ಇದೇ ಕೈಪಿಡಿಯ ‘ಆಕೆಯನ್ನು ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು’ ಎಂಬ ವಾಕ್ಯದಲ್ಲಿ ಆರು ಪದಗಳಿವೆ, ಅದರ ಇಂಗ್ಲಿಷ್ ಮೂಲದಲ್ಲಿ ಹತ್ತು. ಮಾದರಿಗಾಗಿ ಅವರು ಮೊದಲೇ ಅನುವಾದಿಸಿ ಕಳಿಸಿದ್ದ ಎರಡು ಪುಟಗಳನ್ನು ಎಣಿಸಲು ಹೇಳಿದೆ. ಇಂಗ್ಲಿಷಿನ 500 ಪದಗಳು ಕನ್ನಡದಲ್ಲಿ 362 ಆಗಿದ್ದವು. ಅದೇ ಪ್ರಮಾಣದಲ್ಲಿ 40,000 ಪದಗಳು ಸುಮಾರು 29,000ಕ್ಕೆ ಇಳಿಯುತ್ತವೆ, 80,000 ರೂಪಾಯಿಯ ಕೆಲಸ 58,000ಕ್ಕೆ ಇಳಿಯುತ್ತದೆ. ಫೋನಿನಲ್ಲಿ ಇಬ್ಬರೂ ‘ಪದಕ್ಕೆ ಎರಡು ರೂಪಾಯಿ’ ಎಂದೇ ಒಪ್ಪಿದ್ದರು, ಇಬ್ಬರ ಮನಸ್ಸಿನಲ್ಲಿದ್ದ ಪದ ಬೇರೆ ಬೇರೆಯಾಗಿತ್ತು.

ಇನ್ನು ಬಡ್ಡಿಯ ವಾಕ್ಯ. ಎಂಎಸ್‌ಎಂಇ ಕಾಯ್ದೆ ಎಂದು ಕರೆಯುವ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಲ್ಲಿ ಆ ಬಡ್ಡಿ ಇರುವುದು ನಿಜ. ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣದ ಗಡುವನ್ನು ಬರಹದಲ್ಲಿ ಒಪ್ಪಿಕೊಂಡರೂ ಅದು ಕೆಲಸ ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಸ್ವೀಕೃತವಾದ ದಿನ ಎಂದರೆ ಸೇವೆ ಒದಗಿಸಿದ ದಿನ. ಆ ದಿನದಿಂದ 15 ದಿನಗಳೊಳಗೆ ಗ್ರಾಹಕರು ಬರಹದಲ್ಲಿ ಆಕ್ಷೇಪ ಎತ್ತಿದರೆ ಮಾತ್ರ, ಆ ಆಕ್ಷೇಪ ನಿವಾರಣೆಯಾದ ದಿನ. ಈ ವ್ಯಾಖ್ಯೆ ಅನುವಾದಕಿಗೆ ಬೇಕಾಗಿದ್ದದ್ದನ್ನು ಅಕ್ಷರಶಃ ಹೇಳುತ್ತದೆ. ಆದರೆ ಅವರು ಕಾಯ್ದೆಯಿಂದ ಬಡ್ಡಿಯನ್ನು ಮಾತ್ರ ಎತ್ತಿಕೊಂಡು, ಹೆಚ್ಚು ಬೆಲೆಬಾಳುವ ಈ ದಿನದ ವ್ಯಾಖ್ಯೆಯನ್ನು ಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ‘ಉದ್ಯಮ್ ನೋಂದಣಿ, ಅಂದರೆ ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಆಗಿದೆಯೇ?’ ಎಂದು ಕೇಳಿದಾಗ ಇಲ್ಲ ಎಂದರು. ಕಾಯ್ದೆಯ ರಕ್ಷಣೆ ಬೇಕೆನ್ನುವವರು ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸಿರಬೇಕು. ಬಾಕಿ ನಿಂತ ಮೇಲೆ ಮಾಡಿಸಿದರೆ ಹಿಂದಿನ ಕೆಲಸಕ್ಕೆ ಅದು ಬಲ ಕೊಡುತ್ತದೆಂಬ ಭರವಸೆಯಿಲ್ಲ.

ಏನನ್ನು ಬಿಟ್ಟುಕೊಡುವುದು, ಏನನ್ನು ಬಿಡದಿರುವುದು

ಶನಿವಾರ, ಭಾನುವಾರ ಇದೇ ಚರ್ಚೆಯಾಯಿತು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಕುಳಿತಲ್ಲೇ ಮುಗಿಯುತ್ತದೆ. ಅದನ್ನು ಅವರು ಮೊದಲು ಮುಗಿಸಿದರು. (ಹಣ ಕೇಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಕಾಣುತ್ತವೆ. `udyamregistration.gov.in` ಎಂಬ ವಿಳಾಸವನ್ನೇ ನೋಡಿಕೊಂಡು ತೆರೆಯಬೇಕು.)

ಬಡ್ಡಿಯ ವಾಕ್ಯವನ್ನು ಪೂರ್ತಿ ತೆಗೆಯಲು ನಾನು ಹೇಳಿದೆ. ಅದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ‘ಅದೊಂದೇ ನನ್ನ ಕೈಯಲ್ಲಿರುವ ಆಯುಧ’ ಎಂದರು. ಬಡ್ಡಿ ಕಾಯ್ದೆಯಲ್ಲೇ ಇರುವುದರಿಂದ ಪತ್ರದಲ್ಲಿ ಬರೆಯದಿದ್ದರೂ ಹೋಗುವುದಿಲ್ಲ, ಬರೆದರೆ ಮಾತ್ರ ಮೊದಲ ಪರಿಚಯದಲ್ಲೇ ಜಗಳಕ್ಕೆ ನಿಂತಂತೆ ಕಾಣುತ್ತದೆ ಎಂಬುದು ನನ್ನ ವಾದ. ಅದರ ಬದಲು, ತಾನು ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಉದ್ಯಮ, ನೋಂದಣಿ ಸಂಖ್ಯೆ ಬಿಲ್ಲಿನಲ್ಲಿರುತ್ತದೆ ಎಂಬ ಒಂದು ವಾಕ್ಯ ಸಾಕೆಂದೆ. ಸಂಯೋಜಕರಿಗೆ ಆ ವಾಕ್ಯ ಏನನ್ನೂ ಹೇಳದೆ ಹೋಗಬಹುದು, ಅಕೌಂಟ್ಸ್‌ನವರಿಗೆ ಹೇಳುತ್ತದೆ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಉಪವಿಧಿ ಸೇರಿತ್ತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಆ 15ನೇ ಸೆಕ್ಷನ್‌ನ ಗಡುವಿನೊಳಗೆ ಕೊಡದೆ ಉಳಿಸಿಕೊಂಡ ಹಣ ಮಾರ್ಚ್ 31ನ್ನು ದಾಟಿತೆಂದರೆ, ಕಂಪನಿ ಅದನ್ನು ಆ ವರ್ಷದ ಖರ್ಚೆಂದು ತೋರಿಸಲಾಗದು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. 2024ರ ಬೇಸಿಗೆಯಲ್ಲಿ ಈ ವಿಧಿ ಹೊಸದಾಗಿದ್ದು, ಲೆಕ್ಕ ನೋಡುವವರೆಲ್ಲ ತಮಗೆ ಬಿಲ್ ಕೊಡುವವರಲ್ಲಿ ಯಾರು ಸೂಕ್ಷ್ಮ, ಯಾರು ಸಣ್ಣ ಎಂದು ಪಟ್ಟಿ ಮಾಡುತ್ತಿದ್ದ ಕಾಲ ಅದು.

ಟಿಡಿಎಸ್ ಬಗ್ಗೆಯೂ ಒಂದು ಆಯ್ಕೆ ಎದುರಿಗಿತ್ತು. ಅನುವಾದದ ಹಣದಿಂದ ಆಗ ಕೆಲವು ಕಂಪನಿಗಳು 194ಜೆ ಎಂಬ ವೃತ್ತಿಪರ ಶುಲ್ಕದ ವಿಧಿಯ ಪ್ರಕಾರ ಶೇಕಡ 10 ಮುರಿಯುತ್ತಿದ್ದವು, ಕೆಲವು 194ಸಿ ಎಂಬ ಗುತ್ತಿಗೆಯ ವಿಧಿಯ ಪ್ರಕಾರ ವ್ಯಕ್ತಿಗಳಿಂದ ಶೇಕಡ 1 ಮುರಿಯುತ್ತಿದ್ದವು. ಈ ಕಂಪನಿಯದು ಶೇಕಡ 10. ಅದನ್ನು ಪ್ರಶ್ನಿಸುವುದು ಬೇಡವೆಂದು ಅನುವಾದಕಿಯೇ ತೀರ್ಮಾನಿಸಿದರು. ರಿಟರ್ನ್ ಸಲ್ಲಿಸಿದಾಗ ಹೆಚ್ಚಾದದ್ದು ಮರಳಿ ಬರುತ್ತದೆ, ಹಾಗಿರುವಾಗ ಒಂದು ಪತ್ರದಲ್ಲಿ ನಾಲ್ಕು ಕಡೆ ಹಠ ಹಿಡಿದರೆ ಬೇಕಾದ ಕಡೆ ಹಿಡಿದ ಹಠದ ತೂಕ ಕಡಿಮೆಯಾಗುತ್ತದೆ ಎಂಬುದು ಅವರ ಯೋಚನೆ. ನನಗೂ ಅದು ಸರಿಯೆನಿಸಿತು. ಕೈಗೆ ಬರುವ ಮೊತ್ತ ಎಷ್ಟೆಂದು ಮಾತ್ರ ಇಬ್ಬರಿಗೂ ಮೊದಲೇ ಗೊತ್ತಿರಲಿ ಎಂದು ಪತ್ರದಲ್ಲಿ ಬರೆಯಲಾಯಿತು. ಜಿಎಸ್‌ಟಿ ಪ್ರಶ್ನೆ ಬೇಗ ಮುಗಿಯಿತು. ವರ್ಷದ ವಹಿವಾಟು 20 ಲಕ್ಷದ ಮಿತಿಗಿಂತ ಬಹಳ ಕೆಳಗಿದ್ದು, ಅವರಿಗೆ ಆ ನೋಂದಣಿ ಇರಲಿಲ್ಲ, ಆದ್ದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತೆಯೇ ಇರಲಿಲ್ಲ.

ಬಿಡಬಾರದ್ದು ಎರಡು: ಎಣಿಕೆ ಇಂಗ್ಲಿಷ್ ಮೂಲದಲ್ಲಿ ಆಗಬೇಕು, ಗಡುವು ಕಡತ ತಲುಪಿಸಿದ ದಿನದಿಂದ ಶುರುವಾಗಬೇಕು. ಮುಂಗಡವನ್ನು ಶೇಕಡ 25ರಿಂದ ಇಳಿಸುವುದಕ್ಕೆ ಅವರು ಸಿದ್ಧರಿದ್ದರು. ಆದರೆ ಕೇಳುವ ಮೊದಲೇ ಇಳಿಸುವುದು ಬೇಡವೆಂದು ಹಾಗೆಯೇ ಇಟ್ಟೆವು.

ಎರಡನೆಯ ಪತ್ರ

ಜೂನ್ 3ರ ಸೋಮವಾರ ಹೋದ ಪತ್ರವನ್ನು, ಹೆಸರು ಮತ್ತು ಖಾತೆಯ ವಿವರ ತೆಗೆದು, ಇಲ್ಲಿ ಕೊಡುತ್ತಿದ್ದೇನೆ. ಸಂಯೋಜಕರಿಗೆ ಕನ್ನಡದಲ್ಲಿ ಬರೆದು, ಇದರ ಇಂಗ್ಲಿಷ್ ರೂಪವನ್ನು ಲಗತ್ತಿಸಿ ಅಕೌಂಟ್ಸ್‌ನವರಿಗೂ ಪ್ರತಿ ಹಾಕಿದರು. ಹಣ ಕೊಡುವವರು ಓದದ ಷರತ್ತು ಬಿಲ್ಲಿನ ದಿನ ಹೊಸ ಸುದ್ದಿಯಾಗಿಬಿಡುತ್ತದೆ.

> ವಿಷಯ: ಕೈಪಿಡಿ ಅನುವಾದ, ಬಿಲ್ ಮತ್ತು ಪಾವತಿಯ ಕ್ರಮ
>
> ಮಾನ್ಯರೇ, ನಮಸ್ಕಾರ.
>
> ತಮ್ಮ ಮೇ 31ರ ಪತ್ರಕ್ಕೆ ಧನ್ಯವಾದಗಳು. ಹಿಂದಿನ ಪತ್ರದಲ್ಲಿ ಕೆಲವು ವಿಷಯಗಳನ್ನು ನಾನು ಬಿಡಿಸಿ ಬರೆದಿರಲಿಲ್ಲ. ಕೆಲಸ ಆರಂಭಿಸುವ ಮೊದಲು ಇಬ್ಬರ ತಿಳಿವಳಿಕೆಯೂ ಒಂದೇ ಆಗಿರಲಿ ಎಂದು ಈ ಪತ್ರ.
>
> ಪದಗಳ ಎಣಿಕೆಯನ್ನು ತಾವು ಕಳಿಸಿದ ಇಂಗ್ಲಿಷ್ ವರ್ಡ್ ಕಡತದಲ್ಲಿ ಮಾಡಿದ್ದೇನೆ, ಅದು 40,000. ಪದಕ್ಕೆ 2 ರೂಪಾಯಿಯಂತೆ ಒಟ್ಟು 80,000 ರೂಪಾಯಿ. ಮೂಲದಲ್ಲಿ ಎಣಿಸಿದರೆ ಕೆಲಸ ಶುರುವಾಗುವ ಮೊದಲೇ ತಮಗೆ ಖರ್ಚು ಗೊತ್ತಿರುತ್ತದೆ. ಕನ್ನಡದಲ್ಲಿ ಎಣಿಸುವುದಾದರೆ, ಮಾದರಿ ಪುಟಗಳಲ್ಲಿ 500 ಪದಗಳು 362 ಆಗಿರುವುದರಿಂದ, ಇದೇ ಕೆಲಸಕ್ಕೆ ಪದವೊಂದಕ್ಕೆ 2 ರೂಪಾಯಿ 75 ಪೈಸೆ ಆಗುತ್ತದೆ. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ.
>
> ಹಣವನ್ನು ಮೂರು ಕಂತುಗಳಲ್ಲಿ ಕೋರುತ್ತೇನೆ. ಆರಂಭಕ್ಕೆ ಮುಂಗಡ 20,000. ಮೊದಲ ಆರು ಅಧ್ಯಾಯಗಳನ್ನು ಇಮೇಲ್‌ನಲ್ಲಿ ತಲುಪಿಸಿದ ದಿನ 30,000ಕ್ಕೆ ಬಿಲ್. ಉಳಿದ ಆರು ಅಧ್ಯಾಯಗಳನ್ನು ತಲುಪಿಸಿದ ದಿನ 30,000ಕ್ಕೆ ಬಿಲ್. ಈ ಎರಡು ಬಿಲ್‌ಗಳ ಹಣವನ್ನು ತಲುಪಿಸಿದ ದಿನದಿಂದ 30 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ.
>
> ಅನುವಾದದಲ್ಲಿ ತಪ್ಪು ಅಥವಾ ಕೊರತೆ ಕಂಡರೆ ತಲುಪಿದ 15 ದಿನಗಳೊಳಗೆ ಬರೆದು ತಿಳಿಸಿ. ಸರಿಪಡಿಸಿ ಕಳಿಸಿದ ದಿನದಿಂದ ಆ ಬಿಲ್ಲಿನ 30 ದಿನಗಳನ್ನು ಎಣಿಸೋಣ. ಎರಡು ಸುತ್ತಿನ ತಿದ್ದುಪಡಿಗೆ ಪ್ರತ್ಯೇಕ ಹಣವಿಲ್ಲ. ಕ್ಷೇತ್ರ ಪರೀಕ್ಷೆ, ಪುಟವಿನ್ಯಾಸ ಮತ್ತು ಮುದ್ರಣ ತಮ್ಮ ವೇಳಾಪಟ್ಟಿಯಂತೆ ನಡೆಯಲಿ, ಪಾವತಿ ಅವುಗಳನ್ನು ಅವಲಂಬಿಸದಿರಲಿ.
>
> ಅನುವಾದವನ್ನು ಯೂನಿಕೋಡ್ ಅಕ್ಷರಗಳಲ್ಲಿ ವರ್ಡ್ ಕಡತವಾಗಿ ಕೊಡುತ್ತೇನೆ.
>
> ಶೇಕಡ 10ರ ಟಿಡಿಎಸ್ ಮುರಿದ ನಂತರ ಕಂತುಗಳು ಕ್ರಮವಾಗಿ 18,000, 27,000 ಮತ್ತು 27,000 ಆಗುತ್ತವೆ. ಫಾರಂ 16ಎ ಕಳಿಸಿಕೊಡಿ. ನಾನು ಜಿಎಸ್‌ಟಿ ನೋಂದಣಿಯ ಮಿತಿಯೊಳಗಿರುವುದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ. ನಾನು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ಯಮ, ನೋಂದಣಿ ಸಂಖ್ಯೆ ಮತ್ತು ಪ್ಯಾನ್ ಬಿಲ್ಲಿನಲ್ಲಿರುತ್ತವೆ.
>
> ಮುಂಗಡ ಜಮಾ ಆದ ಮರುದಿನ ಕೆಲಸ ಆರಂಭಿಸಿ, ಅಲ್ಲಿಂದ ಎಂಟು ವಾರಗಳಲ್ಲಿ ಮುಗಿಸುತ್ತೇನೆ. ತಮಗೆ ಒಪ್ಪಿಗೆಯಿದ್ದರೆ ಈ ಪತ್ರಕ್ಕೆ ‘ಒಪ್ಪಿಗೆ’ ಎಂದು ಉತ್ತರಿಸಿದರೆ ಸಾಕು. ಬದಲಾವಣೆ ಬೇಕಿದ್ದಲ್ಲಿ ದಯವಿಟ್ಟು ತಿಳಿಸಿ.
>
> ವಂದನೆಗಳೊಂದಿಗೆ

ಪದಗಳ ವಿಷಯದಲ್ಲಿ ಎರಡು ದರಗಳನ್ನು ಎದುರಿಗಿಟ್ಟದ್ದು ಅನುವಾದಕಿಯದೇ ಉಪಾಯ, ನನ್ನದಲ್ಲ. ಕಂಪನಿಯ ಕೋರಿಕೆಗೆ ಇಲ್ಲವೆನ್ನದೆ, ಅದರ ಬೆಲೆ ಎಷ್ಟೆಂದು ತೋರಿಸಿದ್ದರು. ಎರಡು ದಾರಿಯೂ ಹೆಚ್ಚುಕಡಿಮೆ ಒಂದೇ ಮೊತ್ತಕ್ಕೆ ತಲುಪುತ್ತವೆಂದು ಕಂಡ ಮೇಲೆ ವಾದಕ್ಕೆ ಉಳಿಯುವುದೇನೂ ಇರಲಿಲ್ಲ.

ನಡೆದದ್ದು

ಎರಡು ದಿನ ಉತ್ತರವಿರಲಿಲ್ಲ. ಜೂನ್ 5ರಂದು ಅಕೌಂಟ್ಸ್‌ನವರೇ ನೇರವಾಗಿ ಬರೆದು, ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ಕೇಳಿದರು. ಅದನ್ನು ಕಳಿಸಿದ ಮರುದಿನ ಸಂಯೋಜಕರ ಉತ್ತರ ಬಂತು: ಮೂಲದ ಎಣಿಕೆಯೇ ಇರಲಿ, ಉಳಿದದ್ದಕ್ಕೆ ಒಪ್ಪಿಗೆ, ಸೋಮವಾರದಿಂದ ದಯವಿಟ್ಟು ಆರಂಭಿಸಿ. ಅರವತ್ತು ದಿನಗಳ ಮಾತು, ಸೇವಾ ಸಂಸ್ಥೆಯ ಹಣ ಬರಲಿ ಎಂಬ ಮಾತು, ಮುಂಗಡದ ಪದ್ಧತಿ ಇಲ್ಲವೆಂಬ ಮಾತು ಯಾವುದೂ ಮತ್ತೆ ಬರಲಿಲ್ಲ.

ಆದರೆ ಸೋಮವಾರ, ಜೂನ್ 10ಕ್ಕೆ ಮುಂಗಡ ಬಂದಿರಲಿಲ್ಲ. ‘ಮೇಡಂ, ಪ್ರೋಸೆಸ್‌ನಲ್ಲಿದೆ, ನೀವು ಶುರು ಮಾಡಿ’ ಎಂದು ಸಂಯೋಜಕರು ಫೋನ್ ಮಾಡಿದರು. ಈ ಇಡೀ ಪ್ರಕರಣದಲ್ಲಿ ಅನುವಾದಕಿಗೆ ಅತಿ ಕಷ್ಟವಾದ ಗಳಿಗೆ ಇದೇ ಎಂದು ಆಮೇಲೆ ಹೇಳಿದರು. ನಾಲ್ಕು ದಿನಕ್ಕಾಗಿ ಒಬ್ಬರ ಮನಸ್ಸು ಕಹಿ ಮಾಡಬೇಕೇ ಎಂಬ ಸಂಕೋಚ ಒಂದು ಕಡೆ, ಈಗ ಸಡಿಲಿಸಿದರೆ ಪತ್ರದ ಉಳಿದ ಸಾಲುಗಳೂ ಸಡಿಲವಾಗುತ್ತವೆ ಎಂಬ ಅರಿವು ಇನ್ನೊಂದು ಕಡೆ. ‘ಹಣ ಬಂದ ಮರುದಿನವೇ ಕೂರುತ್ತೇನೆ, ಎಷ್ಟು ದಿನ ತಡವಾಗುತ್ತದೋ ಅಷ್ಟೇ ದಿನ ಕೊನೆಯ ತಾರೀಖೂ ಮುಂದೆ ಹೋಗುತ್ತದೆ, ಅದನ್ನು ಗಮನದಲ್ಲಿಡಿ’ ಎಂದು ಶಾಂತವಾಗಿ ಹೇಳಿ, ಅದನ್ನೇ ಎರಡು ಸಾಲಿನಲ್ಲಿ ಬರೆದೂ ಕಳಿಸಿದರು. ಜೂನ್ 14ರ ಶುಕ್ರವಾರ ಸಂಜೆ 18,000 ರೂಪಾಯಿ ಜಮಾ ಆಯಿತು. 194ಜೆ ಅಡಿಯಲ್ಲಿ ಆಗಿದ್ದ ವಾರ್ಷಿಕ ಮಿತಿ 30,000 ಆಗಿದ್ದರೂ (2025ರ ಏಪ್ರಿಲ್‌ನಿಂದ ಅದು 50,000 ಆಯಿತು), ಒಟ್ಟು ಮೊತ್ತ ಮಿತಿ ದಾಟುವುದು ಗೊತ್ತಿದ್ದುದರಿಂದ ಮೊದಲ ಕಂತಿನಿಂದಲೇ ಟಿಡಿಎಸ್ ಮುರಿದಿದ್ದರು.

ಮೊದಲ ಆರು ಅಧ್ಯಾಯಗಳು ಜುಲೈ 15ರಂದು ಹೋದವು, ಅದರ ಜೊತೆಗೇ ಬಿಲ್ಲೂ ಹೋಯಿತು. ಆಗಸ್ಟ್ 2ರಂದು 27,000 ಬಂತು. ಉಳಿದ ಆರು ಅಧ್ಯಾಯಗಳನ್ನು ಗಡುವಿಗೆ ಒಂದು ದಿನ ಮುಂಚೆ, ಆಗಸ್ಟ್ 9ರಂದು ಕಳಿಸಿದರು. ಇಲ್ಲಿಯವರೆಗೆ ಎಲ್ಲವೂ ಪತ್ರದಲ್ಲಿ ಬರೆದಂತೆಯೇ ನಡೆಯಿತು.

ಆಗಸ್ಟ್ 21ರಂದು, ಅಂದರೆ 15 ದಿನಗಳು ಮುಗಿಯುವ ಮೂರು ದಿನ ಮೊದಲು, ಹದಿನಾಲ್ಕು ಆಕ್ಷೇಪಗಳ ಪಟ್ಟಿ ಬಂತು. ಅನುವಾದಕಿ ಅವನ್ನು ಒಂದೊಂದಾಗಿ ನೋಡಿದರು. ಒಂಬತ್ತು ನಿಜವಾಗಿಯೂ ಅನುವಾದಕ್ಕೆ ಸೇರಿದವು: ‘ರಕ್ತಹೀನತೆ’ ಒಂದು ಅಧ್ಯಾಯದಲ್ಲಿ, ‘ರಕ್ತದ ಕೊರತೆ’ ಇನ್ನೊಂದರಲ್ಲಿ ಎಂಬಂಥವು. ಐದರಲ್ಲಿ ಅಕ್ಷರಗಳೇ ಒಡೆದಿದ್ದವು, ಒತ್ತಕ್ಷರ ಪಕ್ಕಕ್ಕೆ ಸರಿದಿತ್ತು, ಅರ್ಕಾವತ್ತು ತಪ್ಪು ಅಕ್ಷರದ ಮೇಲೆ ಕೂತಿತ್ತು. ಪುಟವಿನ್ಯಾಸ ಮಾಡುವವರು ಯೂನಿಕೋಡ್ ಕಡತವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಆದ ತಪ್ಪುಗಳು ಇವು. ಯೂನಿಕೋಡ್ ಕಡತ ಕೊಡುತ್ತೇನೆ ಎಂಬ ಆ ಒಂದು ಸಣ್ಣ ಸಾಲು ಇಲ್ಲಿ ಕೆಲಸಕ್ಕೆ ಬಂತು. ತಾವು ಕಳಿಸಿದ ಕಡತದಲ್ಲಿ ಆ ಐದು ಜಾಗಗಳು ಸರಿಯಾಗಿರುವುದನ್ನು ಚಿತ್ರ ಸಮೇತ ತೋರಿಸಿ, ಒಂಬತ್ತನ್ನು ತಿದ್ದಿ, ಆಗಸ್ಟ್ 26ಕ್ಕೆ ಕಳಿಸಿದರು.

ಆದರೆ ಅದೇ ಇಮೇಲ್‌ನಲ್ಲಿ ಪಟ್ಟಿಯ ಕೆಳಗೆ ಇನ್ನೊಂದು ಸಾಲಿತ್ತು. ಸೇವಾ ಸಂಸ್ಥೆಯವರು ಇಂಗ್ಲಿಷಿನ ನಾಲ್ಕನೆಯ ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಹೊಸದಾಗಿ ಬರೆದಿದ್ದಾರೆ, ಅದನ್ನೂ ‘ತಿದ್ದುಪಡಿಯಲ್ಲಿ ಸೇರಿಸಿಕೊಡಿ’ ಎಂದು. ಹೊಸ ಪಠ್ಯ 5,600 ಪದಗಳಷ್ಟಿತ್ತು. ಅನುವಾದಕಿ ಅದಕ್ಕೆ 11,200 ರೂಪಾಯಿಯ ಪ್ರತ್ಯೇಕ ಬಿಲ್ ಆಗುತ್ತದೆಂದು ಬರೆದರು. ಸಂಯೋಜಕರು ಅವರದೇ ಪತ್ರದ ಸಾಲನ್ನು ತೆಗೆದು ಎದುರಿಗಿಟ್ಟರು: ‘ಎರಡು ಸುತ್ತಿನ ತಿದ್ದುಪಡಿಗೆ ಪ್ರತ್ಯೇಕ ಹಣವಿಲ್ಲ.’

ಇದು ನಮ್ಮ ಪತ್ರದ ತಪ್ಪು, ಮತ್ತು ಅದರಲ್ಲಿ ನನ್ನ ಪಾಲು ದೊಡ್ಡದು. ಆ ವಾಕ್ಯವನ್ನು ಸೂಚಿಸಿದವನು ನಾನೇ. ಅನುವಾದದ ತಪ್ಪನ್ನು ತಿದ್ದುವುದು ಒಂದು ಕೆಲಸ, ಮೂಲವೇ ಬದಲಾದಾಗ ಮತ್ತೆ ಅನುವಾದಿಸುವುದು ಇನ್ನೊಂದು ಕೆಲಸ ಎಂಬುದು ನಮ್ಮ ವೃತ್ತಿಯಲ್ಲಿರುವವರಿಗೆ ಎಷ್ಟು ಸಹಜವಾಗಿ ಗೊತ್ತಿದೆಯೆಂದರೆ, ಅದನ್ನು ಬರೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ‘ಕೆಲಸ ಮುಗಿದ’ ಎಂಬ ಮಾತಿನಲ್ಲಿದ್ದ ಬಿರುಕನ್ನು ಅಷ್ಟು ಎಚ್ಚರದಿಂದ ಮುಚ್ಚಿದವರು ‘ತಿದ್ದುಪಡಿ’ ಎಂಬ ಮಾತಿನಲ್ಲಿ ಅದೇ ಬಗೆಯ ಬಿರುಕನ್ನು ಬಿಟ್ಟಿದ್ದೆವು. ಪತ್ರದಲ್ಲಿ 40,000 ಪದಗಳ ಎಣಿಕೆ ‘ತಾವು ಕಳಿಸಿದ ಕಡತದ್ದು’ ಎಂದಿದ್ದುದರಿಂದ ವಾದಿಸಲು ಸ್ವಲ್ಪ ನೆಲೆಯಿತ್ತು, ಆದರೆ ಸ್ಪಷ್ಟವಾದ ನೆಲೆ ಇರಲಿಲ್ಲ. ಮೂರು ದಿನಗಳ ಪತ್ರವ್ಯವಹಾರದ ನಂತರ ಅರ್ಧ ಹಣಕ್ಕೆ, 5,600 ರೂಪಾಯಿಗೆ, ಇತ್ಯರ್ಥವಾಯಿತು. ಹೆಚ್ಚುವರಿ ಕೆಲಸವನ್ನು ಬೇರೆ ಬಿಲ್ಲಾಗಿಯೇ ಇಡಬೇಕು, ಮೂರನೆಯ ಕಂತಿನ ಜೊತೆ ಸೇರಿಸಬಾರದು ಎಂದು ಅನುವಾದಕಿ ಆಗ ಹಿಡಿದ ಪಟ್ಟು ಬಹಳ ಸರಿಯಾದದ್ದು. ಸೇರಿಸಿದ್ದರೆ ಹೊಸ ಎರಡು ಅಧ್ಯಾಯಗಳ ಮೇಲಿನ ಆಕ್ಷೇಪಗಳು ಹಳೆಯ 30,000ದ ಗಡುವನ್ನೂ ಮುಂದಕ್ಕೆ ತಳ್ಳುತ್ತಿದ್ದವು.

ತಿದ್ದಿ ಕಳಿಸಿದ ಆಗಸ್ಟ್ 26ರಿಂದ 30 ದಿನ ಎಂದರೆ ಸೆಪ್ಟೆಂಬರ್ 25. ಅಂದು ಹಣ ಬರಲಿಲ್ಲ. 26ರ ಬೆಳಿಗ್ಗೆ ಮೂರು ಸಾಲಿನ ನೆನಪೋಲೆ ಹೋಯಿತು: ಬಿಲ್ ಸಂಖ್ಯೆ, ತಲುಪಿಸಿದ ಮತ್ತು ತಿದ್ದಿದ ದಿನಾಂಕ, ಗಡುವಿನ ದಿನಾಂಕ. ಜೂನ್ 3ರ ಪತ್ರಕ್ಕೆ ಬಂದ ಒಪ್ಪಿಗೆಯ ಸರಣಿಯಲ್ಲೇ ಅದನ್ನು ಕಳಿಸಿದ್ದರಿಂದ, ಓದುವವರ ಕಣ್ಣಿಗೆ ಕೆಳಗೆ ಒಪ್ಪಂದವೂ ಬೀಳುತ್ತಿತ್ತು. ಸೆಪ್ಟೆಂಬರ್ 30ರಂದು ಮೂರನೆಯ ಕಂತು ಬಂತು. ಐದು ದಿನಗಳ ಬಡ್ಡಿ ಕೇಳಬೇಕೇ ಎಂದು ನನ್ನನ್ನು ಕೇಳಿದರು. ಆಗ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರ ಶೇಕಡ 6.75, ಮೂರು ಪಟ್ಟೆಂದರೆ 20.25. ಮೂವತ್ತು ಸಾವಿರಕ್ಕೆ ಐದು ದಿನಗಳ ಲೆಕ್ಕ ನೂರು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಕೇಳಲಿಲ್ಲ. ಮೊದಲ ಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ನಿಂತಿದ್ದ ಆಯುಧದ ನಿಜವಾದ ತೂಕ ಅಷ್ಟಿತ್ತು.

ಕೈಪಿಡಿ ಮುದ್ರಣವಾದದ್ದು 2025ರ ಜನವರಿಯಲ್ಲಿ. ಕಂಪನಿಯ ಮೊದಲ ಉತ್ತರವನ್ನು ಒಪ್ಪಿದ್ದರೆ, ಮುದ್ರಣದ ಪ್ರತಿಗೆ ಒಪ್ಪಿಗೆ ಸಿಕ್ಕಿ, ಸೇವಾ ಸಂಸ್ಥೆಯಿಂದ ಹಣ ಬಂದು, ಆಮೇಲೆ ಅರವತ್ತು ದಿನಗಳು ಕಳೆಯುವವರೆಗೂ ಅನುವಾದಕಿಯ ಕೈಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಅದೇ ಸಂಯೋಜಕರು ಇನ್ನೊಂದು ಕೈಪಿಡಿಗಾಗಿ ಫೋನ್ ಮಾಡಿದರು. ಅನುವಾದಕಿ ಹಳೆಯ ಪತ್ರವನ್ನೇ ಹೊಸ ಅಂಕಿಗಳೊಂದಿಗೆ ಕಳಿಸಿದರು, ಒಂದು ಜಾಗದಲ್ಲಿ ಮಾತ್ರ ಬದಲಾಯಿಸಿ: ‘ನನ್ನ ಅನುವಾದದಲ್ಲಿನ ತಪ್ಪು, ಬಿಟ್ಟುಹೋದ ಭಾಗ ಮತ್ತು ಪಾರಿಭಾಷಿಕ ಪದಗಳ ತಿದ್ದುಪಡಿಗೆ ಎರಡು ಸುತ್ತಿನವರೆಗೆ ಹಣವಿಲ್ಲ. ಇಂದಿನ ದಿನಾಂಕದ ಇಂಗ್ಲಿಷ್ ಕಡತದಲ್ಲಿ ಮುಂದೆ ಬದಲಾವಣೆಯಾದರೆ, ಬದಲಾದ ವಾಕ್ಯಗಳ ಪದಗಳನ್ನು ಎಣಿಸಿ ಇದೇ ದರದಲ್ಲಿ ಪ್ರತ್ಯೇಕ ಬಿಲ್ ಕೊಡುತ್ತೇನೆ.’ ಅಕೌಂಟ್ಸ್‌ನವರು ಈ ಸಲ ಒಂದೇ ಬದಲಾವಣೆ ಕೇಳಿದರು, ಮೂವತ್ತು ದಿನಗಳನ್ನು ನಲವತ್ತೈದು ಮಾಡಿ ಎಂದು. ಎಣಿಕೆ ಕಡತ ತಲುಪಿಸಿದ ದಿನದಿಂದಲೇ ತಾನೇ ಎಂದು ಕೇಳಿ, ಹೌದೆಂಬ ಉತ್ತರ ಬರಹದಲ್ಲಿ ಬಂದ ಮೇಲೆ, ಅನುವಾದಕಿ ಅದಕ್ಕೆ ಒಪ್ಪಿದರು.